ದಂಡ ಕಟ್ಟಿದರೆ ಧರೆ ನಿಂತೀತೆ?

ಮಲೆನಾಡಿನ ಪಟ್ಟಣಗಳ ಅಂಚಿನಲ್ಲಿ ಗುಡ್ಡ ಕಡಿದು ಕಟ್ಟಿದ ಕಟ್ಟಡಗಳ ಕುರಿತು ಪ್ರಶ್ನೆ ಎದ್ದಾಗಲೆಲ್ಲ ಮಾಲೀಕರಿಂದ ಬರುವ ಉತ್ತರ ಒಂದೇ: “ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುತ್ತೇವೆ.” ದಂಡದ ರಸೀದಿಗೆ ತಪ್ಪನ್ನು ಅಳಿಸುವ ಶಕ್ತಿಯಿದೆ ಎಂಬ ಈ ನಂಬಿಕೆಯನ್ನು ಬೆಳೆಸಿದ್ದು ಸರ್ಕಾರವೇ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 2007ರಲ್ಲಿ 76-ಎಫ್‌ಎಫ್ ಕಲಮು ಸೇರಿತು. ವಾಸದ ಕಟ್ಟಡಗಳಲ್ಲಿ ಶೇ. 50ರವರೆಗೆ, ಇತರ ಕಟ್ಟಡಗಳಲ್ಲಿ ಶೇ. 25ರವರೆಗೆ ನಡೆದ ಉಲ್ಲಂಘನೆಯನ್ನು ಶುಲ್ಕ ಪಡೆದು ಸಕ್ರಮಗೊಳಿಸುವ ಈ ಏರ್ಪಾಡಿಗೆ 2014ರಲ್ಲಿ ಹೊಸ ನಿಯಮಗಳು ಬಂದವು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟು ತಡೆ ನೀಡಿತು.

ಈ ಶೇಕಡಾವಾರು ಲೆಕ್ಕ ಹುಟ್ಟಿದ್ದು ಬಯಲಿನ ನಗರಗಳಿಗಾಗಿ. ಇಳಿಜಾರಿನಲ್ಲಿ ಅದು ಏನಾಗುತ್ತದೆಂಬುದಕ್ಕೆ ಒಂದು ಕಲ್ಪಿತ ಮನೆಯನ್ನು ತೆಗೆದುಕೊಳ್ಳಬಹುದು. ಗುಡ್ಡದ ಬದಿಯ ನಿವೇಶನದಲ್ಲಿ ಹಿಂದೆ 3 ಮೀಟರ್ ಜಾಗ ಬಿಡಬೇಕೆಂದು ನಕ್ಷೆ ಮಂಜೂರಾಗಿದೆ. ಮಾಲೀಕ 6 ಮೀಟರ್ ಎತ್ತರಕ್ಕೆ ಧರೆಯನ್ನು ನೆಟ್ಟಗೆ ಕಡಿದು, ಮನೆಯನ್ನು ಹಿಂದಕ್ಕೆ ಚಾಚಿ, 1.5 ಮೀಟರ್ ಮಾತ್ರ ಉಳಿಸುತ್ತಾನೆ. ಉಲ್ಲಂಘನೆ ಶೇ. 50. ವಾಸದ ಮನೆ ಎಂದರೆ ಮಿತಿಯೊಳಗೆ. ವಸತಿಗೃಹ ಎಂದರೆ ಮಿತಿಯ ಹೊರಗೆ. (ಪ್ರವಾಸಿಗರು ತುಂಬಿದ ಮನೆಯೂ ಅರ್ಜಿಯಲ್ಲಿ ವಾಸದ ಮನೆಯೇ ಆಗಿರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.) ಕಡತ ಬಿಟ್ಟ ಜಾಗದ ಅಗಲವನ್ನೂ ಕಟ್ಟಿದ ನೆಲದ ವಿಸ್ತಾರವನ್ನೂ ಅಳೆಯುತ್ತದೆ. ಕಡಿದ ಧರೆಯ ಎತ್ತರ, ಅದರ ಓರೆ, ಮಣ್ಣಿನ ಗುಣ ಶುಲ್ಕದ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಅಪಾಯವಿರುವುದು ಅಲ್ಲಿಯೇ. ಮಲೆನಾಡಿನ ಅನೇಕ ಕಡೆ ಮೇಲೆ ಗಟ್ಟಿ ಜಂಬಿಟ್ಟಿಗೆ, ಕೆಳಗೆ ಶೇಡಿ ಮಣ್ಣು. ಒಣಗಿದಾಗ ಬಿಗಿಯಾಗಿ ಕಾಣುವ ಶೇಡಿ, ನೀರು ಕುಡಿದಾಗ ಬಲಗುಂದಿ ಜಾರುತ್ತದೆ. ಧರೆ ಕಡಿದವನು ಗುಡ್ಡದ ಬುಡದ ಆಸರೆಯನ್ನು ತೆಗೆಯುವುದಲ್ಲದೆ, ಮರೆಯಲ್ಲಿದ್ದ ಶೇಡಿಯನ್ನು ಮಳೆಗೆ ತೆರೆದಿಡುತ್ತಾನೆ. ಮನೆಯ ಹಿಂದೆ ಬಿಡಬೇಕಾಗಿದ್ದ 3 ಮೀಟರಿನಲ್ಲಿ ಮಳೆನೀರಿನ ಚರಂಡಿ, ತಡೆಗೋಡೆಯ ಪಾಯ, ಜರಿದ ಮಣ್ಣು ಬಿದ್ದು ನಿಲ್ಲುವ ಜಾಗ, ಇಷ್ಟೂ ಅಡಗಬೇಕಿತ್ತು. ಉಳಿದ 1.5 ಮೀಟರಿನಲ್ಲಿ ಇವೆಲ್ಲಕ್ಕೆ ಎಡೆಯಿಲ್ಲ. ಶುಲ್ಕ ಖಜಾನೆಗೆ ಸೇರಿದ ಮರುದಿನವೂ ಆ ಅಳತೆ ಅಷ್ಟೇ ಇರುತ್ತದೆ.

ಇಂಥ ಧರೆ ಮುನ್ಸೂಚನೆಯನ್ನು ಕೊಡುವುದುಂಟು. ನೆತ್ತಿಯ ಮೇಲೆ ಗುಡ್ಡಕ್ಕೆ ಅಡ್ಡಲಾಗಿ ಬಿರುಕು ಮೂಡುತ್ತದೆ, ಮರಗಳು ವಾಲುತ್ತವೆ, ತಡೆಗೋಡೆ ಹೊಟ್ಟೆ ಉಬ್ಬಿಸುತ್ತದೆ, ತಿಳಿಯಾಗಿದ್ದ ಒರತೆ ಕೆಂಪಾಗಿ ಹರಿಯುತ್ತದೆ. ಜಡಿಮಳೆಯಲ್ಲೂ ಗೋಡೆಯ ಬಸಿ ತೂತುಗಳು ಒಣಗಿದ್ದರೆ ನೀರು ಹಿಂದೆಯೇ ಕಟ್ಟಿಕೊಳ್ಳುತ್ತಿದೆಯೆಂದು ಶಂಕಿಸಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮಳೆಯ ಜೊತೆಗೆ ಇಳಿಜಾರು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದರು.

ಸುಧಾರಣಾ ಶುಲ್ಕದ ಮಾತೂ ಬೇರೆಯಲ್ಲ. ರಸ್ತೆ, ಚರಂಡಿ, ನೀರಿನ ಸೌಲಭ್ಯದಿಂದ ನಿವೇಶನದ ಬೆಲೆ ಏರುತ್ತದೆಂದು, ಅದರ ಪಾಲಾಗಿ ಸ್ಥಳೀಯ ಸಂಸ್ಥೆ ಪಡೆಯುವ ಹಣ ಅದು. ಅದನ್ನು ಕಟ್ಟಿ ಖಾತೆ ಪಡೆದವನು ಕಟ್ಟಡವೂ ಸಕ್ರಮವಾಯಿತೆಂದು ತಿಳಿಯುತ್ತಾನೆ. ಖಾತೆ ತೆರಿಗೆಯ ದಾಖಲೆ. ಕೃಷಿಭೂಮಿ ಪರಿವರ್ತನೆಯಾಗದಿದ್ದರೆ ಆ ದೋಷ, ನಕ್ಷೆ ಮೀರಿದ್ದರೆ ಆ ದೋಷ, ಎರಡೂ ಖಾತೆಯ ಹಿಂದೆ ಹಾಗೆಯೇ ಉಳಿಯುತ್ತವೆ. ಸರ್ಕಾರ ರಾಜಿ ಮಾಡಿಕೊಂಡಿತೆಂದು ಕೆಳಗಿನ ಮನೆಯವನ ಹಕ್ಕು ಕರಗುವುದೂ ಇಲ್ಲ. ಆ ರಾಜಿಗೆ ಅವನನ್ನು ಯಾರೂ ಕರೆದಿರಲಿಲ್ಲ.

ನಕ್ಷೆ ಓದುವಾಗ ಎಡವಿ ಒಂದಡಿ ಹೆಚ್ಚು ಕಟ್ಟಿದ ಬಡವನ ಮನೆಯನ್ನು ಕೆಡವಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಂಥವರಿಗಾಗಿಯೇ ರಾಜಿಯ ಬಾಗಿಲು ಇರುವುದು. ಕಟಕ್‌ನ ಫ್ರೆಂಡ್ಸ್ ಕಾಲೊನಿ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು, ಅರಿಯದೆ ಆದ ಸಣ್ಣ ವ್ಯತ್ಯಾಸಕ್ಕೂ ಬೇಕೆಂದೇ ಮಾಡಿದ ಉಲ್ಲಂಘನೆಗೂ ನಡುವೆ ಗೆರೆ ಎಳೆದು, ರಾಜಿ ಅಪವಾದವಾಗಿಯೇ ಇರಬೇಕೆಂದಿತು. 76-ಎಫ್‌ಎಫ್ ಕಲಮು ಕೂಡ ಅರಣ್ಯಭೂಮಿ, ಕೆರೆಯಂಗಳ, ಹೊಳೆಪಾತ್ರಗಳಲ್ಲಿನ ಕಟ್ಟಡಗಳನ್ನು ಸಕ್ರಮದಿಂದ ಹೊರಗಿಟ್ಟಿದೆ. ಎಷ್ಟು ಹಣ ಕೊಟ್ಟರೂ ವಾಸಿಯಾಗದ ತಪ್ಪುಗಳಿವೆಯೆಂದು ಶಾಸನವೇ ಒಪ್ಪಿದಂತಾಯಿತು. ಕಡಿದಾದ ಇಳಿಜಾರು, ಕಡಿದ ಧರೆ ಆ ಪಟ್ಟಿಗೆ ಸೇರಬೇಕು. ಉಳಿದ ಕಟ್ಟಡಗಳಿಗೂ ಧರೆಯನ್ನು ಮೆಟ್ಟಿಲು ಮಾಡಿ, ಚರಂಡಿ ತೋಡಿ, ತಡೆಗೋಡೆ ಕಟ್ಟಿ, ಚಾಚಿದ ಭಾಗವನ್ನು ಹಿಂತೆಗೆದು, ಒಂದು ಮಳೆಗಾಲ ಕಳೆದ ಮೇಲೆ ಸ್ಥಳಪರೀಕ್ಷೆ ನಡೆಸಿಯೇ ಶುಲ್ಕದ ಚಲನ್ ಕೊಡಬೇಕು.