ಚೆಂದದ ಬಟ್ಟಲು, ಹುಳಿ ಸಾರು ಮತ್ತು ಸೀಸ: ಆಹಾರ ಸುರಕ್ಷತಾ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಕರಕುಶಲ ಮೇಳಗಳಲ್ಲಿ, ರಸ್ತೆ ಬದಿಯ ರಾಶಿಗಳಲ್ಲಿ ಬಣ್ಣಬಣ್ಣದ ಪಿಂಗಾಣಿ ಬಟ್ಟಲು, ಜಾಡಿ, ತಟ್ಟೆಗಳು ಮಾರಾಟವಾಗುತ್ತಿವೆ. ಕೊಂಡವರು ಅವುಗಳಲ್ಲಿ ಬಿಸಿ ಸಾರು ಬಡಿಸುತ್ತಾರೆ, ನಿಂಬೆಕಾಯಿ ಉಪ್ಪಿನಕಾಯಿ ತುಂಬಿಡುತ್ತಾರೆ. ಆ ಪಾತ್ರೆ ಊಟಕ್ಕೆಂದು ಮಾಡಿದ್ದೋ ಶೋಕೇಸಿನಲ್ಲಿ ಇಡಲೆಂದು ಮಾಡಿದ್ದೋ ಎಂದು ತಿಳಿಸುವ ಒಂದು ಚೀಟಿಯೂ ಬಹುಪಾಲು ಪಾತ್ರೆಗಳ ಮೇಲೆ ಇರುವುದಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ಮಣ್ಣಿನ ಪಾತ್ರೆಯ ಮೇಲಿನ ಮೆರುಗು, ಅಂದರೆ ಗ್ಲೇಜ್, ತೆಳುವಾದ ಗಾಜಿನ ಪದರ. ಅದರ ಮೂಲವಸ್ತು ಸಿಲಿಕಾ ಒಂದೇ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೀಸದ ಆಕ್ಸೈಡ್ ಬೆರೆಸಿದರೆ ಸಾವಿರ ಡಿಗ್ರಿಯೊಳಗೇ ಕರಗಿ ನುಣ್ಣಗೆ ಹರಡುತ್ತದೆ, ಬಣ್ಣಗಳು ಹೊಳೆಯುತ್ತವೆ, ಸೌದೆಯೂ ಉಳಿಯುತ್ತದೆ. ಭಟ್ಟಿ ಸರಿಯಾಗಿ ಕಾದರೆ ಸೀಸದ ಬಹುಭಾಗ ಗಾಜಿನೊಳಗೇ ಸೆರೆಯಾಗಿರುತ್ತದೆ. ಕಾವು ಸಾಲದಿದ್ದರೆ, ಮಿಶ್ರಣದಲ್ಲಿ ಸೀಸ ಅತಿಯಾಗಿದ್ದರೆ, ಅಥವಾ ಹಸಿರು ಬಣ್ಣಕ್ಕೆಂದು ತಾಮ್ರದ ಆಕ್ಸೈಡ್ ಸೇರಿಸಿದ್ದರೆ, ಹುಣಸೆ, ನಿಂಬೆ, ಮೊಸರಿನ ಹುಳಿ ಆ ಸೀಸವನ್ನು ಎಳೆದುಕೊಳ್ಳುತ್ತದೆ. ಪದಾರ್ಥ ಬಿಸಿಯಿದ್ದರೆ ಇನ್ನೂ ಬೇಗ. ಇನ್ನೊಂದು ವಿಷಲೋಹವಾದ ಕ್ಯಾಡ್ಮಿಯಂ ಬರುವುದು ಕಡುಕೆಂಪು, ಕಿತ್ತಳೆ, ಹಳದಿ ಬಣ್ಣಗಳಿಂದ. ಸುಟ್ಟ ಗ್ಲೇಜಿನ ಮೇಲೆ ಚಿತ್ರ ಅಂಟಿಸಿ ಕಡಿಮೆ ಕಾವಿನಲ್ಲಿ ಇನ್ನೊಮ್ಮೆ ಸುಟ್ಟಿದ್ದರೆ ಆ ಬಣ್ಣಕ್ಕೆ ಮೇಲೆ ಯಾವ ಕವಚವೂ ಇರುವುದಿಲ್ಲ. ಬೆರಳಾಡಿಸಿದಾಗ ಚಿತ್ರದ ಅಂಚು ಉಬ್ಬಿದಂತೆ ತಗುಲಿದರೆ, ಉಜ್ಜಿ ತೊಳೆದಷ್ಟೂ ಬಣ್ಣ ಮಾಸುತ್ತಿದ್ದರೆ, ಅಂಥ ತಟ್ಟೆ ಊಟಕ್ಕೆ ಬೇಡ. ಹೀಗೆ ದೇಹ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಉಳಿಯುತ್ತದೆ.

ನಮ್ಮ ಅಜ್ಜಿಯರ ಕಂದು-ಬಿಳಿ ಉಪ್ಪಿನಕಾಯಿ ಜಾಡಿಯ ಮೇಲೆ ನಾನು ದೂರು ಹೇಳುತ್ತಿಲ್ಲ. ಸುಮಾರು 1,200 ಡಿಗ್ರಿಯಲ್ಲಿ ಬೆಂದ ಗಟ್ಟಿ ಸ್ಟೋನ್‌ವೇರ್‌ಗೆ ಸೀಸದ ಅಗತ್ಯವೇ ಬೀಳುವುದಿಲ್ಲ. ಭಯವಿರುವುದು ಕಡಿಮೆ ಕಾವಿನಲ್ಲಿ ಸುಟ್ಟ, ಝಗಮಗಿಸುವ ಅಲಂಕಾರದ ಪಾತ್ರೆಗಳದು.

ಲೆಕ್ಕ ಹಾಕಿ ನೋಡೋಣ. ಸಣ್ಣ ಬಟ್ಟಲುಗಳಿಗೆ ಅಮೆರಿಕದ ಎಫ್‌ಡಿಎ ಇಟ್ಟಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ ಸೀಸ. ಪಾತ್ರೆಗೆ ಶೇ. 4ರ ಅಸಿಟಿಕ್ ಆಮ್ಲ, ಅಂದರೆ ಹೆಚ್ಚುಕಡಿಮೆ ವಿನೆಗರ್‌ನಷ್ಟೇ ಹುಳಿ, ತುಂಬಿ 24 ಗಂಟೆ ಇಟ್ಟು ಇದನ್ನು ಅಳೆಯುತ್ತಾರೆ. ಈ ಪರೀಕ್ಷೆಯಲ್ಲಿ ಮಿತಿಯ ಅಂಚಿನಲ್ಲಿ ಪಾಸಾದ ಬಟ್ಟಲಿನ 150 ಮಿಲಿಲೀಟರ್ ದ್ರವದಲ್ಲಿ 300 ಮೈಕ್ರೊಗ್ರಾಂ ಸೀಸ ಇರುತ್ತದೆ. ಮಗುವಿಗೆ ಆಹಾರದಿಂದ ದಿನಕ್ಕೆ 2.2 ಮೈಕ್ರೊಗ್ರಾಂ ದಾಟಬಾರದು ಎನ್ನುವುದೂ ಅದೇ ಸಂಸ್ಥೆಯ ಅಳತೆ. ನಿಜ, ಊಟದ ಸಾರು ಬಟ್ಟಲಿನಲ್ಲಿ ಇಡೀ ದಿನ ನಿಲ್ಲುವುದಿಲ್ಲ. ಆದರೆ ಆ 300 ಮೈಕ್ರೊಗ್ರಾಂನ ನೂರನೇ ಒಂದು ಪಾಲು ಸೀಸ ಇಳಿದರೂ ಮಗುವಿನ ಮಿತಿ ಮೀರುತ್ತದೆ. ಉಪ್ಪಿನಕಾಯಿಯಂತೂ ತಿಂಗಳುಗಟ್ಟಲೆ ನಿಲ್ಲುತ್ತದೆ. ಪಾಸಾದ ಪಾತ್ರೆಯ ಕಥೆಯೇ ಇದು. ಪರೀಕ್ಷೆಯ ಮುಖವನ್ನೇ ಕಾಣದ ಪಾತ್ರೆಗಳು ನಮ್ಮ ಅಡುಗೆಮನೆಯಲ್ಲಿವೆ.

ಇದು ಬರೀ ಊಹೆಯಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಎರಡು ವರ್ಷದ ಗಂಡು ಮಗುವೊಂದು ಗ್ಲೇಜ್ ಹಚ್ಚಿದ ಮಣ್ಣಿನ ಹೂಜಿಯಲ್ಲಿಟ್ಟ ಸೇಬಿನ ರಸ ಕುಡಿದು ಸೀಸದ ವಿಷವೇರಿ ಸತ್ತಿತು. ವೈದ್ಯರು ಅದನ್ನು 1970ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಹೂಜಿಯ ಹೊರನೋಟದಲ್ಲಿ ವಿಷ ಕಾಣುವುದಿಲ್ಲ, ರಸದ ರುಚಿಯೂ ಎಚ್ಚರಿಸುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಸ್ಪಷ್ಟ. ಮೇಳಗಳಿಂದ, ಸಗಟು ಅಂಗಡಿಗಳಿಂದ ಇಂಥ ಪಾತ್ರೆಗಳನ್ನು ಕೊಂಡು ತರಿಸಿ, ಭಾರತೀಯ ಮಾನಕ ಬ್ಯೂರೋದ ಐಎಸ್ 9806ರ ಪ್ರಕಾರ ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದಿಡಿ. ಉಜ್ಜಿ ನೋಡುವ ಬಣ್ಣದ ಕಡ್ಡಿಗಳನ್ನು ನಂಬಬೇಡಿ. ಸೀಸದ ಕಡ್ಡಿಗೆ ಕ್ಯಾಡ್ಮಿಯಂ ಕಾಣದು, ಬಣ್ಣ ಬದಲಾಗದಿದ್ದ ಮಾತ್ರಕ್ಕೆ ಸೀಸವಿಲ್ಲ ಎನ್ನಲೂ ಬಾರದು. ಅಲಂಕಾರದ ಪಾತ್ರೆಗಳ ವಿಷಯದಲ್ಲಿ ಅಮೆರಿಕದ ನಿಯಮವೊಂದು ನಮಗೂ ಒಗ್ಗುತ್ತದೆ: ಮಿತಿ ಮೀರಿ ಸೀಸ ಬಿಡುವ ಪಾತ್ರೆಯ ಮೇಲೆ ಊಟಕ್ಕಲ್ಲ ಎಂಬ ಅಳಿಯದ ಎಚ್ಚರಿಕೆ ಇರಬೇಕು, ಇಲ್ಲವೇ ಆಹಾರ ನಿಲ್ಲದಂತೆ ಅದಕ್ಕೆ ತೂತು ಕೊರೆದಿರಬೇಕು. ಇಲ್ಲಿ ಎಚ್ಚರಿಕೆ ಕನ್ನಡದಲ್ಲೇ ಇರಲಿ. ತಯಾರಕರ ಮೇಲೆ ದಂಡ ಹಾಕುವ ಮೊದಲು, ಸೀಸವಿಲ್ಲದ ಗ್ಲೇಜ್ ಬಳಸಲು ಸಣ್ಣ ಕುಶಲಕರ್ಮಿಗಳಿಗೆ ನೆರವು ಕೊಡಿಸಿ. ಸೀಸದ ಪುಡಿಯನ್ನು ಮೊದಲು ಉಸಿರಾಡುವವರು ಅವರೇ.

ಸೀಸದ ವಿಷದ ಬಗ್ಗೆ ದೇಶಕ್ಕೆ ಎಚ್ಚರಿಕೆ ಹೇಳಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ದುಡಿದ ಊರು ಬೆಂಗಳೂರು. ಇಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ. ಮೊದಲ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುವ ಆದೇಶಕ್ಕೆ ತಾವು ದಯವಿಟ್ಟು ಸಹಿ ಹಾಕಿ.

ಇಂತಿ,
ತಮ್ಮ ವಿಶ್ವಾಸಿ