ತಪ್ಪಿನ ಪಟ್ಟಿ ಪಾಠವಲ್ಲ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದರೆ ನಮ್ಮ ಸನ್ನತಿ ಕಡೆಯೂ ಪುನರಾವರ್ತನೆ ಜೋರು. ಹಳೆಯ ಉತ್ತರಪತ್ರಿಕೆಗಳ ತಪ್ಪುಗಳನ್ನು ಹಲಗೆಯ ಮೇಲೆ ಬರೆದು ‘ಹೀಗೆ ಮಾಡಬೇಡಿ’ ಎಂದರೆ ಪಾಠ ಮುಗಿಯಿತೆ? ಇದು ನನ್ನ ತಕರಾರು.

2x² − 5x + 3 = 0 ನೋಡಿ. ಶೋಧಕ b² − 4ac; ಇಲ್ಲಿ b = −5. ಆವರಣ ಹಾಕದ ಹುಡುಗಿ −5² ಎಂದು ಬರೆದು −25 ಮಾಡುತ್ತಾಳೆ. ಅದರಿಂದ 24 ಕಳೆದರೆ −49. ‘ವಾಸ್ತವ ಮೂಲಗಳಿಲ್ಲ’ ಎಂದು ಮುಗಿಸುತ್ತಾಳೆ.

‘ಆವರಣ ಹಾಕು’ ಎಂದು ಗದರಿದರೆ ನಾಳೆ ಮರೆಯುತ್ತಾಳೆ. ಅದರ ಬದಲು x = 1 ಹಾಕಿಸಿ: 2 − 5 + 3 = 0. ಇಲ್ಲವೆಂದ ಮೂಲ ಎದುರಿಗೇ ನಿಂತಿದೆ! ಎಲ್ಲಿ ಎಡವಿದೆ ಎಂದು ಅವಳೇ ಹಿಂದಕ್ಕೆ ಹುಡುಕಲಿ. ವಾಸ್ತವ ಸಂಖ್ಯೆಯ ವರ್ಗ ಎಂದೂ ಋಣವಾಗದು. ಹಾಗಾಗಿ b² ಜಾಗದಲ್ಲಿ −25 ಕಂಡೊಡನೆ ಅನುಮಾನ ಬರಬೇಕು. (−5)² = 25, ಶೋಧಕ 1.

ಪರೀಕ್ಷಾ ಕೊಠಡಿಯೊಳಗೆ ಮೇಷ್ಟ್ರ ಪಟ್ಟಿ ಬರುವುದಿಲ್ಲ. ಅವಳ ಅನುಮಾನ ಬರುತ್ತದೆ.