ಮುಗಿದ ಚಂದಾ, ಮುಗಿಯದ ಆದೇಶ

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನನ್ನ ಸೋದರಮಾವನವರು ಪಾಸ್‌ಬುಕ್ಕನ್ನು ಕಂಕುಳಲ್ಲಿರಿಸಿಕೊಂಡು ನಮ್ಮ ಮನೆಗೆ ಬಂದರು. 32 ವರ್ಷ ಊರ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತರಾದ ಮೇಷ್ಟರು ಅವರು. ಕುಳಿತವರೇ, “ಕನ್ನಡದಲ್ಲಿ ಎಂ.ಎ. ಮಾಡಿದ್ದೀಯಲ್ಲ, ಬ್ಯಾಂಕಿಗೆ ಒಂದು ಅರ್ಜಿ ಬರೆದುಕೊಡು” ಎಂದರು. ಕನ್ನಡ ಎಂ.ಎ. ಪದವಿಯ ಉಪಯೋಗ ಅರ್ಜಿ ಬರೆಯುವುದೇ ಎಂಬುದು ನಮ್ಮ ಬಂಧುವರ್ಗದ ದೃಢವಾದ ನಂಬಿಕೆ. ನಾನು ಅದನ್ನು ವಿರೋಧಿಸುವುದನ್ನು ಬಿಟ್ಟು ಬಹಳ ಕಾಲವಾಯಿತು.

ಸಂಗತಿ ಇಷ್ಟು. ಮೊಮ್ಮಗಳ ಪಿ.ಯು.ಸಿ. ಪರೀಕ್ಷೆಗೆಂದು ಮಾವನವರು ಫೋನಿನಲ್ಲಿ ಪಾಠ ಹೇಳುವ ಒಂದು ಕಂಪನಿಗೆ ಚಂದಾದಾರರಾಗಿದ್ದರು. ತಿಂಗಳಿಗೆ 799 ರೂಪಾಯಿ. ಪ್ರತಿ ತಿಂಗಳು 5ನೇ ತಾರೀಖು ಅವರ ಪಿಂಚಣಿಯ ಖಾತೆಯಿಂದ ತಾನಾಗಿಯೇ ಹೋಗುವ ಏರ್ಪಾಡು. ಮಾರ್ಚಿಯಲ್ಲಿ ಪರೀಕ್ಷೆ ಮುಗಿಯಿತು, 28ರಂದು ಚಂದಾವನ್ನೂ ಮುಗಿಸಿದರು. ಕಂಪನಿಯಿಂದ ‘ನಿಮ್ಮ ಚಂದಾ ಕೊನೆಗೊಂಡಿದೆ’ ಎಂಬ ಉತ್ತರವೂ ಬಂತು. ಆದರೂ ಏಪ್ರಿಲ್ 5ರಂದು 799 ಹೋಯಿತು, ಮೇ 5ರಂದು ಹೋಯಿತು, ಜೂನ್ 5ರಂದು ಹೋಯಿತು. ಜೂನ್ 7ರಂದು ಅದೇ ಖಾತೆಯಿಂದ ಸಲ್ಲಬೇಕಾಗಿದ್ದ 1,840 ರೂಪಾಯಿಗಳ ವಿಮೆಯ ಕಂತು, ಹಣ ಸಾಲದೆ, ಹಿಂದಿರುಗಿತು. ಅದಕ್ಕೆ ದಂಡವೆಂದು ಬ್ಯಾಂಕು 295 ರೂಪಾಯಿ ಮುರಿದುಕೊಂಡಿತು. “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂದು ಮಾವನವರು ಪಾಸ್‌ಬುಕ್ಕನ್ನು ಮೇಜಿನ ಮೇಲೆ ಕುಕ್ಕಿದರು.

ಅವರು ಸುಮ್ಮನೆ ಕುಳಿತಿದ್ದವರಲ್ಲ. ಮೇ ತಿಂಗಳಲ್ಲಿಯೇ ಬ್ಯಾಂಕಿಗೆ ಒಂದು ಪತ್ರ ಕೊಟ್ಟಿದ್ದರು. “ಕಂಪನಿಯವರನ್ನು ಕೇಳಿ” ಎಂದರು ಗುಮಾಸ್ತರು. ಕಂಪನಿಗೆ ಫೋನು ಮಾಡಿದರೆ, “ನಮ್ಮಲ್ಲಿ ಚಂದಾ ಮುಗಿದಿದೆ, ಬ್ಯಾಂಕನ್ನು ಕೇಳಿ” ಎಂಬ ಉತ್ತರ. ಆ ಪತ್ರದ ನಕಲನ್ನು ನಾನು ಓದಿದೆ. ‘ನನ್ನ ಚಂದಾ ಮುಗಿದಿರುತ್ತದೆ, ಆದಕಾರಣ ಇನ್ನು ಹಣ ಕೊಡಬಾರದಾಗಿ ಪ್ರಾರ್ಥನೆ’ ಎಂದಿತ್ತು. ವಾಕ್ಯದಲ್ಲಿ ವ್ಯಾಕರಣದೋಷವಿರಲಿಲ್ಲ. ಆದರೆ ಬ್ಯಾಂಕಿಗೆ ಬೇಕಾದ ಕ್ರಿಯಾಪದವೇ ಅದರಲ್ಲಿರಲಿಲ್ಲ.

ಇಲ್ಲಿ ಎರಡು ಒಪ್ಪಂದಗಳಿವೆ ಎಂಬುದನ್ನು ವಾಚಕರು ಗಮನಿಸಬೇಕು. ಪಾಠಕ್ಕೂ ಹಣಕ್ಕೂ ಸಂಬಂಧಪಟ್ಟುದು ಕಂಪನಿಯೊಡನೆ ಆದದ್ದು. ‘ಈ ಕಂಪನಿ ಕೇಳಿದಾಗ ನನ್ನ ಖಾತೆಯಿಂದ ಕೊಡಿ’ ಎಂಬುದು ಬ್ಯಾಂಕಿಗೆ ಕೊಟ್ಟ ಕಾಯಂ ಆದೇಶ; ಬ್ಯಾಂಕಿನವರ ಮಾತಿನಲ್ಲಿ ಮ್ಯಾಂಡೇಟ್. ಮೊದಲನೆಯದು ಸತ್ತರೆ ಎರಡನೆಯದು ತಾನಾಗಿ ಸಾಯುವುದಿಲ್ಲ. ಕಂಪನಿ ತನ್ನ ಬ್ಯಾಂಕಿನ ಮೂಲಕ ಬೇಡಿಕೆಯನ್ನು ಕಳುಹಿಸುತ್ತದೆ. ಅದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ನಡೆಸುವ ನ್ಯಾಚ್ ಎಂಬ ವ್ಯವಸ್ಥೆಯ ಮೂಲಕ ನಮ್ಮ ಬ್ಯಾಂಕನ್ನು ತಲಪುತ್ತದೆ. ನಮ್ಮ ಬ್ಯಾಂಕು ನೋಡುವುದು ಆದೇಶ ಜೀವಂತವಾಗಿದೆಯೇ, ಮೊತ್ತ ಮಿತಿಯೊಳಗಿದೆಯೇ, ಅವಧಿ ಮುಗಿದಿದೆಯೇ ಎಂಬುದನ್ನು. ಮೊಮ್ಮಗಳು ಪರೀಕ್ಷೆ ಬರೆದು ಮುಗಿಸಿದ್ದು ಅದಕ್ಕೆ ಹೇಗೆ ತಿಳಿಯಬೇಕು? ಮಾವನವರ ಆದೇಶದ ಪ್ರತಿಯನ್ನು ತರಿಸಿ ನೋಡಿದಾಗ ಮಿತಿ 2,000 ರೂಪಾಯಿ ಎಂದಿತ್ತು. ಕೊನೆಯ ತಾರೀಖು 2034ರಲ್ಲಿತ್ತು. 799ಕ್ಕೆ ಒಪ್ಪಿದ್ದ ಮೇಷ್ಟರು, ಲೆಕ್ಕದ ಮೇಷ್ಟರೇ ಆಗಿದ್ದರೂ, ಆ ಎರಡು ಅಂಕಿಗಳನ್ನು ಓದದೆ ಸಮ್ಮತಿಸಿದ್ದರು.

“ಹಾಗಾದರೆ 5ನೇ ತಾರೀಖಿನ ಹಿಂದಿನ ದಿನ ಖಾತೆಯನ್ನೇ ಬರಿದು ಮಾಡಿಬಿಡುತ್ತೇನೆ” ಎಂದರು ಮಾವ.

“ಬೇಡಿ ಮಾವ, ದಂಡ ಮತ್ತೆ ನಿಮಗೇ ಬೀಳುತ್ತದೆ. ವಿಮೆಯ ಕಂತೂ ಮತ್ತೊಮ್ಮೆ ತಪ್ಪೀತು” ಎಂದೆ.

ಅವರಿಗೆ ಹೇಳದೆ ಬಿಟ್ಟ ಇನ್ನೊಂದು ಮಾತಿದೆ. ನಿಜವಾದ ಸಾಲದ ಕಂತು ಹೀಗೆ ಹಣವಿಲ್ಲದೆ ಹಿಂದಿರುಗಿದರೆ, ಬೌನ್ಸ್ ಆದ ಚೆಕ್ಕಿನಂತೆಯೇ, ಅದು 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯ 25ನೇ ಕಲಮಿಗೆ ಸಿಕ್ಕುವ ಸಂಗತಿ. ಖಾತೆ ಬರಿದು ಮಾಡುವ ಉಪಾಯವನ್ನು ರೂಢಿ ಮಾಡಿಕೊಳ್ಳತಕ್ಕದ್ದಲ್ಲ.

ಮೊದಲು ಹಣ ಯಾವ ದಾರಿಯಿಂದ ಹೋಗುತ್ತಿದೆ ಎಂದು ತಿಳಿಯಬೇಕು. ಯು.ಪಿ.ಐ. ಮೂಲಕವಾದರೆ ಫೋನಿನ ಅದೇ ಆ್ಯಪಿನಲ್ಲಿ ಆಟೋಪೇ ಪಟ್ಟಿಯನ್ನು ತೆರೆದು, ಪಿನ್ ಒತ್ತಿ ತಾವೇ ರದ್ದು ಮಾಡಬಹುದು. ಕಾರ್ಡಿನ ಮೂಲಕವಾದರೆ, ಕಾರ್ಡು ಕೊಟ್ಟ ಬ್ಯಾಂಕಿನಲ್ಲಿ ರದ್ದತಿ. ಮಾವನವರ ಪಾಸ್‌ಬುಕ್ಕಿನಲ್ಲಿ ಆ ಸಾಲಿನ ಮೊದಲಿಗೆ ACH ಎಂಬ ಮೂರು ಅಕ್ಷರಗಳಿದ್ದುದರಿಂದ ಇದು ನ್ಯಾಚ್ ದಾರಿಯೆಂದು ಗೊತ್ತಾಯಿತು. ಹಾಗಾದರೆ ನೆಟ್‌ಬ್ಯಾಂಕಿಂಗಿನಲ್ಲಿ ಸೌಕರ್ಯವಿಲ್ಲದವರು ಶಾಖೆಗೇ ಹೋಗಬೇಕು.

ಇಂತಹ ಪ್ರತಿಯೊಂದು ಆದೇಶಕ್ಕೂ UMRN ಎಂಬ 20 ಅಕ್ಷರಾಂಕಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಪಾಸ್‌ಬುಕ್ಕಿನ ಇಕ್ಕಟ್ಟಾದ ಸಾಲಿನಲ್ಲಿ ಅದರ ಬಾಲ ಕತ್ತರಿಸಿಹೋಗಿರಬಹುದು. ಶಾಖೆಯಲ್ಲಿ ಕೇಳಿದರೆ ಖಾತೆಯ ಮೇಲಿರುವ ಆದೇಶಗಳ ಪಟ್ಟಿಯನ್ನು ತೆಗೆದುಕೊಡುತ್ತಾರೆ. ಮಾವನವರ ಪಟ್ಟಿಯಲ್ಲಿ ಎರಡಿದ್ದವು: ಕಂಪನಿಯದೊಂದು, ವಿಮೆಯದೊಂದು. ಸಂಖ್ಯೆಯನ್ನು ಬರೆಯದೆ ‘ಹಣ ಕಡಿತವನ್ನು ನಿಲ್ಲಿಸಿ’ ಎಂದಿದ್ದರೆ, ನಿಂತುಹೋಗುತ್ತಿದ್ದುದು ವಿಮೆಯೂ ಆಗಬಹುದಿತ್ತು. ಆದುದರಿಂದ ಹೀಗೆ ಬರೆದೆ:

‘ನನ್ನ ಉಳಿತಾಯ ಖಾತೆಯ ಮೇಲೆ ಈ ಕೆಳಗಿನ ಸಂಖ್ಯೆಯುಳ್ಳ ಮ್ಯಾಂಡೇಟನ್ನು ಈ ದಿನದಿಂದ ನಾನು ಹಿಂತೆಗೆದುಕೊಂಡಿದ್ದೇನೆ. ಅದನ್ನು ಶಾಶ್ವತವಾಗಿ ರದ್ದುಪಡಿಸಿ, ಇನ್ನು ಮುಂದೆ ಅದರ ಆಧಾರದ ಮೇಲೆ ಬರುವ ಯಾವ ಬೇಡಿಕೆಗೂ ಹಣ ಕೊಡದೆ ಹಿಂದಿರುಗಿಸಬೇಕು. ವಿಮೆಯ ಮ್ಯಾಂಡೇಟು ಹಾಗೆಯೇ ಮುಂದುವರಿಯಬೇಕು. ರದ್ದಾದ ಬಗ್ಗೆ ಲಿಖಿತವಾಗಿ ತಿಳಿಸಬೇಕು.’

ಕೆಳಗೆ ಖಾತೆಯ ಸಂಖ್ಯೆ, UMRN, ಕಂಪನಿಯ ಹೆಸರು ಪಾಸ್‌ಬುಕ್ಕಿನಲ್ಲಿ ಹೇಗಿದೆಯೋ ಹಾಗೆ, ಮೊತ್ತ, ತಾರೀಖು. ಮುಗಿದ ಚಂದಾದ ಕಥೆಯನ್ನು ಒಂದು ಸಾಲಿಗಿಂತ ಹೆಚ್ಚು ಬೆಳೆಸಲಿಲ್ಲ.

ಜೂನ್ 16ರಂದು ಇಬ್ಬರೂ ಶಾಖೆಗೆ ಹೋದೆವು. ಗುಮಾಸ್ತರು ಸಜ್ಜನರು; “ಬರುವ ತಿಂಗಳ ಒಂದು ಕಂತಿಗೆ ಸ್ಟಾಪ್ ಪೇಮೆಂಟ್ ಹಾಕಿಕೊಡಲೇ?” ಎಂದರು. ಅದು ಒಂದು ಕಂತನ್ನು ಮಾತ್ರ ತಡೆಯುತ್ತದೆ. ಆಗಸ್ಟಿನಲ್ಲಿ ಮತ್ತೆ ಅದೇ ಕಥೆ. ಬೇಡವೆಂದೆವು. “ಕಂಪನಿಯ ಒಪ್ಪಿಗೆಪತ್ರ ತನ್ನಿ” ಎಂದು ಆಮೇಲೆ ಕೇಳಿದರು. ಆದೇಶ ಕೊಟ್ಟವರು ಖಾತೆದಾರರು, ಹಿಂತೆಗೆದುಕೊಳ್ಳುವವರೂ ಅವರೇ ಎಂದು ಮಾವನವರು, ಮೂರನೆಯ ತರಗತಿಗೆ ಮಗ್ಗಿ ಹೇಳಿಕೊಡುವ ತಾಳ್ಮೆಯಿಂದ, ವಿವರಿಸಿದರು. (ಸಾಲದ ಕಂತಿನ ವಿಷಯವಾಗಿದ್ದರೆ ಇಷ್ಟು ಸುಲಭವಲ್ಲ, ಆದೇಶ ರದ್ದಾದರೂ ಸಾಲ ಉಳಿದೇ ಇರುತ್ತದೆ.) ವ್ಯವಸ್ಥಾಪಕರು ಪತ್ರವನ್ನು ಸ್ವೀಕರಿಸಿ ನಕಲಿನ ಮೇಲೆ ಮೊಹರೊತ್ತಿ, ತಾರೀಖು ಹಾಕಿಕೊಟ್ಟರು.

ಆ ಮೊಹರಿನ ತಾರೀಖು ಬಹು ಬೆಲೆಯುಳ್ಳದ್ದು. ಅದಕ್ಕೆ ಮುಂಚೆ ಹೋದ 2,397 ರೂಪಾಯಿಗಳನ್ನು ಬ್ಯಾಂಕಿನಿಂದ ಕೇಳಿ ಪ್ರಯೋಜನವಿಲ್ಲ. ಆಗ ಆದೇಶವು ಊರ್ಜಿತದಲ್ಲಿತ್ತು. ಅದನ್ನು ಕಂಪನಿಯಿಂದಲೇ ಕೇಳಬೇಕು. ಆ ತಾರೀಖಿನ ಅನಂತರವೂ ಹಣ ಹೋದರೆ ಹೊಣೆ ಬ್ಯಾಂಕಿನದು. ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ cms.rbi.org.in ಎಂಬಲ್ಲಿ ಶುಲ್ಕವಿಲ್ಲದೆ ದೂರನ್ನು ಸಲ್ಲಿಸಬಹುದು. ಆಗ ಕೈಯಲ್ಲಿರಬೇಕಾದುದು ಈ ಮೊಹರಿನ ನಕಲೇ.

ವಾರದೊಳಗೆ ಪಟ್ಟಿಯಲ್ಲಿ ಕಂಪನಿಯ ಸಾಲಿನ ಎದುರು ‘ರದ್ದಾಗಿದೆ’ ಎಂದು ಬಂತು. ಆದರೂ ಮಾವನವರು ನಂಬಲಿಲ್ಲ. ಜುಲೈ 5 ಕಳೆದ ಮೇಲೆ ಪಾಸ್‌ಬುಕ್ಕನ್ನು ಮುದ್ರಿಸಿ ತಂದು ತೋರಿಸಿದರು. 799 ಇರಲಿಲ್ಲ, ವಿಮೆಯ ಕಂತು ಮಾತ್ರ 7ರಂದು ಸಲ್ಲಿತ್ತು. ಹಿಂದಿನ ಕಂತನ್ನು ಅವರು ಅವಧಿ ಮೀರುವ ಮುನ್ನ ತಾವೇ ಹೋಗಿ ಕಟ್ಟಿಬಂದಿದ್ದರು. ಚಂದಾ ಮುಗಿದ ಉತ್ತರದ ಪ್ರತಿಯನ್ನೂ ಪಾಸ್‌ಬುಕ್ಕಿನ ನಕಲನ್ನೂ ಕಳುಹಿಸಿದ ಮೇಲೆ ಕಂಪನಿಯು 2,397 ರೂಪಾಯಿಗಳನ್ನು ಹಿಂದಿರುಗಿಸಿತು. ದಂಡದ 295 ರೂಪಾಯಿ ತನಗೆ ಸಂಬಂಧಿಸಿದ್ದಲ್ಲ ಎಂದು ಬರೆಯಿತು. ಆ ಹಣಕ್ಕಾಗಿ ಮಾವನವರು ಈಗ ಇನ್ನೊಂದು ಪತ್ರ ಬರೆಯುತ್ತಿದ್ದಾರೆ. ಈ ಸಲ ತಾವೇ.